ನಡುವೆ ಬಂದ ಹಣ ಎಲ್ಲಿಗೆ ಹೋಯಿತು?

ತಿಪಟೂರಿನಲ್ಲಿರುವ ನನ್ನ ಅಕ್ಕನ ಮಗ ಕಳೆದ ದೀಪಾವಳಿಗೆ ಊರಿಗೆ ಬಂದಾಗ ಕೈಯಲ್ಲೊಂದು ಫೈಲು ಹಿಡಿದಿದ್ದ. ಮರದ ಗಾಣ ಹಾಕಬೇಕೆಂಬ ಯೋಚನೆ ಅವನದು. ಕೊಬ್ಬರಿಗೆ ಅವನ ಊರಲ್ಲಿ ಕೊರತೆಯಿಲ್ಲ, ಕಡಲೆಕಾಯಿ ಪಾವಗಡದ ಕಡೆಯಿಂದ ಬರುತ್ತದೆ, ಎಣ್ಣೆಗೆ ಬೆಂಗಳೂರಿನಲ್ಲಿ ಗಿರಾಕಿಗಳಿದ್ದಾರೆ, ಉಳಿದ ಹಿಂಡಿಯನ್ನು ಹಸು ಸಾಕಿದವರು ಬಾಗಿಲಿಗೇ ಬಂದು ಒಯ್ಯುತ್ತಾರೆ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದವನಾದ್ದರಿಂದ ಅವನು ನೇರ ನನ್ನ ಹತ್ತಿರ ಬಂದ.

ಫೈಲಿನಲ್ಲಿದ್ದ ವರದಿಯನ್ನು ಒಬ್ಬ ಆಡಿಟರ್ ಬರೆದುಕೊಟ್ಟಿದ್ದರು. ಗಾಣ, ಮೋಟರು, ಶೆಡ್ಡು, ಸೋಸುವ ಯಂತ್ರ, ಡಬ್ಬಿ ತುಂಬುವ ಸಾಮಾನು ಎಲ್ಲ ಸೇರಿ 10 ಲಕ್ಷ ರೂಪಾಯಿ. ಕೂಲಿ, ಕರೆಂಟು, ಕಾಯಿ ಖರೀದಿ, ತನ್ನದೇ ಸಂಬಳ ಎಲ್ಲ ಕಳೆದು ವರ್ಷಕ್ಕೆ 4 ಲಕ್ಷ ಕೈಗೆ ಉಳಿಯುತ್ತದೆ, ಹೀಗೆ ಐದು ವರ್ಷ. ಆಮೇಲೆ ಯಂತ್ರಗಳಿಗೆ ಬೆಲೆಯಿಲ್ಲ ಎಂದೇ ಲೆಕ್ಕ. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು: ಐಆರ್‌ಆರ್ 28.65%.

"ಮಾವ, ನೋಡಿ ನೀವೇ," ಅಂದ. "ಎಫ್‌ಡಿಯಲ್ಲಿ ಇಟ್ಟರೆ ಏಳು ಪರ್ಸೆಂಟು. ಇಲ್ಲಿ ಇಪ್ಪತ್ತೆಂಟೂವರೆ ಮೇಲೆ. ಚಕ್ರಬಡ್ಡಿ ಹಾಕಿ ನೋಡಿದೆ, ಹತ್ತು ಲಕ್ಷ ಐದು ವರ್ಷಕ್ಕೆ ಮೂವತ್ತೈದು ಲಕ್ಷ ಆಗುತ್ತೆ."

ಅವನ ಗುಣಾಕಾರ ತಪ್ಪಿರಲಿಲ್ಲ. 28.65ರಂತೆ ಐದು ವರ್ಷ ಚಕ್ರಬಡ್ಡಿ ಬೆಳೆದರೆ 10 ಲಕ್ಷ 35.24 ಲಕ್ಷವಾಗುತ್ತದೆ, ಸರಿಯೇ. ಆದರೆ ಅವನ ವರದಿಯಲ್ಲಿ ಅಷ್ಟು ಹಣ ಎಲ್ಲೂ ಇರಲಿಲ್ಲ. ವರ್ಷಕ್ಕೆ 4 ಲಕ್ಷದಂತೆ ಐದು ವರ್ಷಕ್ಕೆ ಬರುವುದು ಒಟ್ಟು 20 ಲಕ್ಷ. ಉಳಿದ 15 ಲಕ್ಷ ಎಲ್ಲಿಂದ ಬರಬೇಕು? ಹಾಕಲು ಹೊರಟಿದ್ದು ಅಕ್ಕನ ಗಂಡ ನಿವೃತ್ತಿಯಾದಾಗ ಬಂದ ಹಣ. ಹಾಗಾಗಿ ಈ ಪ್ರಶ್ನೆಯನ್ನು ಬಿಡಿಸದೆ ಅವನನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ.

ಐಆರ್‌ಆರ್ ಎಂದರೆ ಆಂತರಿಕ ಪ್ರತಿಫಲ ದರ. ಪುಸ್ತಕಗಳು ಇದನ್ನು ಒಂದು ಸಮೀಕರಣದ ಉತ್ತರವೆಂದು ಹೇಳಿ ಮುಗಿಸುತ್ತವೆ: ಮುಂದೆ ಬರುವ ಹಣವನ್ನೆಲ್ಲ ಯಾವ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಹಾಕಿದ ಹಣಕ್ಕೆ ಸಮವಾಗುತ್ತದೋ ಆ ದರ. ಇದು ಸರಿ, ಆದರೆ ಮನಸ್ಸಿಗೆ ಹತ್ತುವುದಿಲ್ಲ. ಸಾಲ ತೀರಿಸಿದ ಯಾರಿಗಾದರೂ ಇದನ್ನು ಬೇರೆ ದಾರಿಯಲ್ಲಿ ಹೇಳಬಹುದು. ಗಾಣವೇ ಅವನಿಂದ 10 ಲಕ್ಷ ಸಾಲ ತೆಗೆದುಕೊಂಡಿದೆ, ವರ್ಷಕ್ಕೊಮ್ಮೆ 4 ಲಕ್ಷ ಕಂತು ಕಟ್ಟಿ ಐದು ವರ್ಷದಲ್ಲಿ ತೀರಿಸುತ್ತದೆ ಎಂದುಕೊಳ್ಳಿ. ಆ ಸಾಲದ ಬಡ್ಡಿ ದರವೇ ಐಆರ್‌ಆರ್.

ಇದನ್ನು ಒಂದು ಹಾಳೆಯ ಮೇಲೆ ಅವನ ಕೈಯಲ್ಲೇ ಬರೆಸಿದೆ. ಮೊದಲ ವರ್ಷ 10 ಲಕ್ಷಕ್ಕೆ 28.65ರಂತೆ ಬಡ್ಡಿ 2 ಲಕ್ಷ 86 ಸಾವಿರದ 500. ಗಾಣ ಕಟ್ಟಿದ್ದು 4 ಲಕ್ಷ. ಬಡ್ಡಿ ಹೋಗಿ ಉಳಿದದ್ದು ಅಸಲಿಗೆ ಜಮೆಯಾಯಿತು, ಬಾಕಿ 8.87 ಲಕ್ಷಕ್ಕೆ ಇಳಿಯಿತು. ಎರಡನೆಯ ವರ್ಷ ಬಡ್ಡಿ ಬರುವುದು ಈ 8.87 ಲಕ್ಷಕ್ಕೆ ಮಾತ್ರ, ಸುಮಾರು 2.54 ಲಕ್ಷ. ಬಾಕಿ 7.40ಕ್ಕೆ ಬಂತು. ಮೂರನೆಯ ವರ್ಷದ ಕೊನೆಗೆ 5.53, ನಾಲ್ಕನೆಯದರ ಕೊನೆಗೆ 3.11. ಐದನೆಯ ವರ್ಷ ಆ 3.11 ಲಕ್ಷಕ್ಕೆ 89 ಸಾವಿರ ಬಡ್ಡಿ, ಎರಡೂ ಕೂಡಿ 4 ಲಕ್ಷ, ಸಾಲ ಚುಕ್ತಾ. ಐದು ವರ್ಷದ ಬಡ್ಡಿ ಕೂಡಿಸಿದಾಗ ಸರಿಯಾಗಿ 10 ಲಕ್ಷ ಬಂತು.

ಅವನು ಹಾಳೆಯನ್ನು ತುಸು ಹೊತ್ತು ನೋಡಿದ. "ಅಂದರೆ ಹತ್ತು ಲಕ್ಷಕ್ಕೆ ಇಪ್ಪತ್ತೆಂಟು ಪರ್ಸೆಂಟು ಸಿಕ್ಕಿದ್ದು ಮೊದಲನೇ ವರ್ಷ ಮಾತ್ರವಾ?"

ಹೌದು. ಬ್ಯಾಂಕಿನಲ್ಲಿ ಇದಕ್ಕೆ ರೆಡ್ಯೂಸಿಂಗ್ ಬ್ಯಾಲೆನ್ಸ್ ಎನ್ನುತ್ತೇವೆ. ಕಂತು ಕಟ್ಟಿದಷ್ಟೂ ಬಾಕಿ ಕರಗುತ್ತದೆ, ಬಡ್ಡಿ ಆ ಕರಗಿದ ಬಾಕಿಗೆ ಮಾತ್ರ. ಗಾಣದೊಳಗೆ ಇನ್ನೂ ಎಷ್ಟು ಹಣ ಉಳಿದಿದೆಯೋ ಅಷ್ಟಕ್ಕೆ ಅದು 28.65 ಕೊಡುತ್ತದೆ. ಹೊರಗೆ ಬಂದ ಹಣಕ್ಕೂ ಗಾಣಕ್ಕೂ ಆಮೇಲೆ ಸಂಬಂಧವಿಲ್ಲ. ಅದು ನಿಮ್ಮ ಜೇಬಿಗೆ ಬಂದಾಯಿತು. ಇನ್ನು ಅದು ದುಡಿಯಬೇಕಾದರೆ ನೀವು ಅದಕ್ಕೊಂದು ಜಾಗ ಹುಡುಕಬೇಕು.

35 ಲಕ್ಷದ ಲೆಕ್ಕ ಎಡವಿದ್ದು ಇಲ್ಲಿ. ಆ ಮೊತ್ತ ನಿಜವಾಗಬೇಕಾದರೆ ಮೊದಲ ವರ್ಷ ಬಂದ 4 ಲಕ್ಷವನ್ನು ಅದೇ ದಿನ ಇನ್ನೆಲ್ಲೋ 28.65ರ ದರದಲ್ಲಿ ನಾಲ್ಕು ವರ್ಷ ಹಾಕಬೇಕು. ಎರಡನೆಯ ವರ್ಷದ 4 ಲಕ್ಷವನ್ನು ಅದೇ ದರದಲ್ಲಿ ಮೂರು ವರ್ಷ, ಹೀಗೆ ಕೊನೆಯವರೆಗೆ. ಅಂಥ ಜಾಗ ಎಲ್ಲಿದೆ? ಇನ್ನೊಂದು ಗಾಣವೇ? ತಿಪಟೂರಿನಲ್ಲಿ ಎರಡನೆಯ ಗಾಣಕ್ಕೆ ಮೊದಲನೆಯದರಷ್ಟೇ ಗಿರಾಕಿ ಸಿಗುತ್ತಾರೆಂದು ಯಾರು ಹೇಳಬಲ್ಲರು? ಮೇಲಾಗಿ 4 ಲಕ್ಷಕ್ಕೆ ಅರ್ಧ ಗಾಣವೂ ಬರುವುದಿಲ್ಲ. ನಡುವೆ ಬಂದ ಹಣವನ್ನು ಮತ್ತೆ ತೊಡಗಿಸುವ ಈ ದರಕ್ಕೆ ಮರುಹೂಡಿಕೆ ದರ ಎಂದು ಹೆಸರು. ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಚಕ್ರಬಡ್ಡಿ ಹಾಕಿದ ಗಳಿಗೆಯಲ್ಲಿ ನನ್ನ ಸೋದರಳಿಯ ತನಗೇ ತಿಳಿಯದೆ ಅದನ್ನು 28.65 ಎಂದು ಒಪ್ಪಿಕೊಂಡುಬಿಟ್ಟಿದ್ದ.

ಹಾಗಾದರೆ ಆ ದರವನ್ನು ನಾವೇ ಬಾಯಿಬಿಟ್ಟು ಹೇಳಿ ಲೆಕ್ಕ ಹಾಕಿದರೆ? ಅದೇ ಎಂಐಆರ್‌ಆರ್, ಅಂದರೆ ಮಾರ್ಪಡಿಸಿದ ಆಂತರಿಕ ಪ್ರತಿಫಲ ದರ. ಹೆಸರು ದೊಡ್ಡದು, ಕೆಲಸ ಮೂರೇ ಹೆಜ್ಜೆ.

ಬರುವ ಹಣವನ್ನು ಅವನು ನಿಜವಾಗಿ ಏನು ಮಾಡುತ್ತಾನೆಂದು ಕೇಳಿದೆ. ಎಫ್‌ಡಿ ಅಂದ. ದರ 7 ಎಂದಿಟ್ಟುಕೊಂಡೆವು. ಮೊದಲ ವರ್ಷದ 4 ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ ಸೇರಿ ಐದನೆಯ ವರ್ಷದ ಕೊನೆಗೆ 5.24 ಲಕ್ಷ. ಎರಡನೆಯದು 4.90 ಲಕ್ಷ, ಮೂರನೆಯದು 4.58, ನಾಲ್ಕನೆಯದು 4.28. ಕೊನೆಯ 4 ಲಕ್ಷಕ್ಕೆ ಬಡ್ಡಿಯಿಲ್ಲ, ಅದು ಆಗಷ್ಟೇ ಕೈಗೆ ಬಂದದ್ದು. ಎಲ್ಲ ಕೂಡಿದರೆ 23 ಲಕ್ಷ. ಇದು ಮೊದಲ ಹೆಜ್ಜೆ, ಮತ್ತು ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದೂ ಇಲ್ಲೇ. ಐದು ವರ್ಷದ ನಂತರ ಪಾಸ್‌ಬುಕ್ಕಿನಲ್ಲಿ ಕಾಣಬಹುದಾದ ಮೊತ್ತ ಇದು. ಅವನು ಅಂದುಕೊಂಡಿದ್ದಕ್ಕಿಂತ 12 ಲಕ್ಷ ಕಡಿಮೆ.

ಎರಡನೆಯ ಹೆಜ್ಜೆಯಲ್ಲಿ ಹಾಕಿದ ಹಣವನ್ನೆಲ್ಲ ಇಂದಿನ ಬೆಲೆಗೆ ತರಬೇಕು. ಇಲ್ಲಿ ಹಾಕಿದ್ದು ಒಮ್ಮೆಗೇ 10 ಲಕ್ಷ, ಇಂದೇ, ಆದ್ದರಿಂದ ಮಾಡುವುದೇನೂ ಇಲ್ಲ. ಮೂರನೆಯದು: 10 ಲಕ್ಷ ಐದು ವರ್ಷದಲ್ಲಿ 23 ಲಕ್ಷವಾಗಲು ಯಾವ ಚಕ್ರಬಡ್ಡಿ ಬೇಕು? 23ನ್ನು 10ರಿಂದ ಭಾಗಿಸಿ, ಬಂದದ್ದರ ಐದನೇ ಮೂಲ ತೆಗೆಯಬೇಕು. ಮೊಬೈಲನ್ನು ಅಡ್ಡ ಹಿಡಿದರೆ ಹಲವು ಫೋನುಗಳ ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಕಾಣಿಸುತ್ತದೆ. 2.3ರ ಘಾತ 0.2 ಎಂದು ಒತ್ತಿದರೆ 1.181 ಬರುತ್ತದೆ. ಅಂದರೆ 18.1 ಪರ್ಸೆಂಟು.

ಎಕ್ಸೆಲ್‌ನಲ್ಲಾದರೆ ಇಷ್ಟೂ ಬೇಡ. B2 ಕೋಶದಲ್ಲಿ ಋಣಚಿಹ್ನೆಯೊಂದಿಗೆ 10 ಲಕ್ಷ, B3ರಿಂದ B7ರವರೆಗೆ ನಾಲ್ಕು ನಾಲ್ಕು ಲಕ್ಷ ಬರೆದು ಹೀಗೆ ಕೇಳಬಹುದು:

```
=IRR(B2:B7)
=MIRR(B2:B7, 10%, 7%)
```

ಮೊದಲನೆಯದು 28.65% ಎನ್ನುತ್ತದೆ, ಎರಡನೆಯದು 18.13% ಎನ್ನುತ್ತದೆ. ಎರಡನೆಯ ಸಾಲಿನಲ್ಲಿ ಕೊನೆಯ 7% ನಮ್ಮ ಮರುಹೂಡಿಕೆ ದರ. ಅದರ ಹಿಂದಿನ 10% ಹಣ ತರುವ ವೆಚ್ಚದ ದರ. ನಡುವೆ ಯಾವುದಾದರೂ ವರ್ಷ ಕೈಯಿಂದ ಹಣ ಹಾಕಬೇಕಾಗಿ ಬಂದರೆ ಅದನ್ನು ಇಂದಿನ ಬೆಲೆಗೆ ಇಳಿಸಲು ಬಳಕೆಯಾಗುತ್ತದೆ. ಅಂಥ ವರ್ಷ ಈ ಲೆಕ್ಕದಲ್ಲಿಲ್ಲ, ಆದ್ದರಿಂದ ಅಲ್ಲಿ 10 ಬರೆಯಲಿ 15 ಬರೆಯಲಿ, ಉತ್ತರ ಬದಲಾಗದು.

ಸೋದರಳಿಯನ ಮುಖ ಬಾಡಿತ್ತು. "ಹಾಗಾದರೆ ಆಡಿಟರ್ ಸುಳ್ಳು ಬರೆದಿದ್ದಾರಾ?" ಎಂದು ಕೇಳಿದ. ಸುಳ್ಳಲ್ಲ ಎಂದೆ, ಮತ್ತು ಆ ಮಾತನ್ನು ಇಲ್ಲಿ ವಿವರವಾಗಿ ಹೇಳಬೇಕು. ಏಕೆಂದರೆ ಈ ವಿಷಯದ ಬಗ್ಗೆ ಬರೆಯುವ ಬಹಳ ಜನ ಒಂದು ತಪ್ಪು ಮಾತನ್ನು ದಾಟಿಸುತ್ತಾ ಬಂದಿದ್ದಾರೆ.

ಎಷ್ಟೋ ಪಠ್ಯಪುಸ್ತಕಗಳಲ್ಲಿ ಹೀಗೆ ಬರೆದಿರುತ್ತದೆ: ಬಂದ ಹಣವೆಲ್ಲ ಅದೇ ದರದಲ್ಲಿ ಮರುಹೂಡಿಕೆಯಾಗುತ್ತದೆ ಎಂದು ಐಆರ್‌ಆರ್ ಭಾವಿಸುತ್ತದೆ, ಎಂಐಆರ್‌ಆರ್ ಆ ದೋಷವನ್ನು ತಿದ್ದುತ್ತದೆ. ಮೇಲೆ ಬರೆಸಿದ ಸಾಲದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಮರುಹೂಡಿಕೆಯ ಮಾತು ಎಲ್ಲಾದರೂ ಬಂತೇ? ಗಾಣ ಕಟ್ಟಿದ 4 ಲಕ್ಷವನ್ನು ಅವನು ಬ್ಯಾಂಕಿಗೆ ಹಾಕಿದರೂ, ಮನೆಗೆ ಸುಣ್ಣಬಣ್ಣ ಮಾಡಿಸಿದರೂ, ಕಪಾಟಿನಲ್ಲಿ ಇಟ್ಟರೂ ಬಾಕಿ ಇಳಿಯುವ ಬಗೆ ಅದೇ, ದರವೂ 28.65ರಲ್ಲೇ ನಿಲ್ಲುತ್ತದೆ. ಐಆರ್‌ಆರ್ ತನ್ನ ಮಟ್ಟಿಗೆ ಯಾವ ಭಾವನೆಯನ್ನೂ ಇಟ್ಟುಕೊಂಡಿಲ್ಲ. ಸೈಮನ್ ಕೀನ್ ಎಂಬ ವಿದ್ವಾಂಸರು 1979ರಲ್ಲೇ ಇದನ್ನು ಮರುಹೂಡಿಕೆಯ ಮಿಥ್ಯೆ ಎಂದು ಕರೆದು ಲೇಖನ ಬರೆದರು. ಆಮೇಲೂ ಹಲವರು ಬರೆದರು. ಪಠ್ಯಪುಸ್ತಕಗಳಲ್ಲಿ ಹಳೆಯ ವಾಕ್ಯ ಮಾತ್ರ ಉಳಿದುಕೊಂಡೇ ಬಂದಿದೆ.

ಭಾವನೆ ಸೇರಿಕೊಳ್ಳುವುದು ಆ ಅಂಕಿಯನ್ನು ನಾವು ಬಳಸುವ ರೀತಿಯಲ್ಲಿ. ಕರಗುವ ಬಾಕಿಯ ಮೇಲಿನ ದರವನ್ನು ತಂದು, ಐದು ವರ್ಷ ಅಲುಗದೆ ಕೂತ 10 ಲಕ್ಷದ ದರವೆಂಬಂತೆ ಎಫ್‌ಡಿಯ ಪಕ್ಕದಲ್ಲಿ ಇಟ್ಟು ಹೋಲಿಸಿದಾಗ, ಅದರ ಮೇಲೆ ಚಕ್ರಬಡ್ಡಿ ಹಾಕಿದಾಗ, ಮರುಹೂಡಿಕೆ ದರ ಸದ್ದಿಲ್ಲದೆ ಒಳಗೆ ಬರುತ್ತದೆ. ಎಫ್‌ಡಿಯಲ್ಲಿ ಬಡ್ಡಿಯೂ ಅಸಲಿನ ಜೊತೆ ಒಳಗೇ ಕೂತು ಬೆಳೆಯುತ್ತದೆ. ಗಾಣದಲ್ಲಿ ಹಾಗಲ್ಲ, ಅದು ವರ್ಷ ವರ್ಷ ಹಣ ಹೊರಗೆ ಹಾಕುತ್ತದೆ. ಹಾಗಾಗಿ ಇವೆರಡು ದರಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಗಾಣ ಎಂಬ ವ್ಯವಹಾರ ಎಷ್ಟು ಗಟ್ಟಿ ಎಂದು ಕೇಳಿದರೆ 28.65. ನನ್ನ 10 ಲಕ್ಷ ಐದು ವರ್ಷದ ನಂತರ ಎಷ್ಟಾಗಿರುತ್ತದೆ ಎಂದು ಕೇಳಿದರೆ 18.1, ಅದೂ ಬಂದ ಹಣವೆಲ್ಲ 7ರಲ್ಲಿ ಕೂತರೆ ಮಾತ್ರ.

ದರ ಬದಲಿಸಿ ನೋಡಿದರೆ ಇದು ಇನ್ನೂ ಸ್ಪಷ್ಟ. ಬಂದ ಹಣವನ್ನು ಪೆಟ್ಟಿಗೆಯಲ್ಲಿಟ್ಟರೆ, ಅಂದರೆ ಮರುಹೂಡಿಕೆ ದರ ಸೊನ್ನೆಯಾದರೆ, ಕೊನೆಗೆ 20 ಲಕ್ಷ, ಎಂಐಆರ್‌ಆರ್ 14.9. ದರ 11 ಆದರೆ 24.9 ಲಕ್ಷ, ಎಂಐಆರ್‌ಆರ್ 20. ದರ 28.65 ಎಂದೇ ಬರೆದರೆ 35.24 ಲಕ್ಷ, ಎಂಐಆರ್‌ಆರ್ ಕೂಡ ಸರಿಯಾಗಿ 28.65. ಗಾಣ ಒಂದೇ, ಎಣ್ಣೆ ಅಷ್ಟೇ, ಗಿರಾಕಿಗಳೂ ಅವರೇ. ಬದಲಾದದ್ದು ಗಾಣದ ಹೊರಗಿನ ಸಂಗತಿ.

ಮೊತ್ತಗಳು ದೊಡ್ಡದಾದಾಗ ಇದರ ಪೆಟ್ಟೂ ದೊಡ್ಡದು. ಮೆಕಿನ್ಸಿ ಸಲಹಾ ಸಂಸ್ಥೆಯವರು 2004ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹೆಸರು ಹೇಳದ ಒಂದು ಕಂಪನಿಯ ಉದಾಹರಣೆಯಿದೆ. ಐದು ವರ್ಷಗಳಲ್ಲಿ ಆ ಕಂಪನಿ ಐಆರ್‌ಆರ್ ನೋಡಿ 23 ಯೋಜನೆಗಳಿಗೆ ಒಪ್ಪಿಗೆ ಕೊಟ್ಟಿತ್ತು. ಅವುಗಳ ಸರಾಸರಿ ಐಆರ್‌ಆರ್ 77 ಪರ್ಸೆಂಟು. ಬಂದ ಹಣ ಕಂಪನಿಯ ಬಂಡವಾಳ ವೆಚ್ಚದ ದರದಲ್ಲಿ ಮಾತ್ರ ದುಡಿಯುತ್ತದೆ ಎಂದು ಮತ್ತೆ ಲೆಕ್ಕ ಹಾಕಿದಾಗ ಸರಾಸರಿ 16ಕ್ಕೆ ಇಳಿಯಿತು. ಯೋಜನೆಗಳ ಮೇಲುಕೆಳಗಿನ ಕ್ರಮವೂ ಬದಲಾಯಿತು. ಐಆರ್‌ಆರ್ ಹೆಚ್ಚಿದಷ್ಟೂ, ಹಣ ಬೇಗ ಬೇಗ ಹೊರಗೆ ಬಂದಷ್ಟೂ ಎರಡು ಅಂಕಿಗಳ ನಡುವಿನ ಬಿರುಕು ಅಗಲವಾಗುತ್ತದೆ. ವರದಿಯಲ್ಲಿ 40, 50 ಎಂಬ ಐಆರ್‌ಆರ್ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಈ ಯೋಚನೆ ಹೊಸದಲ್ಲ. ಫ್ರಾನ್ಸಿನ ದುವಿಲಾರ್ ಎಂಬ ಗಣಿತಜ್ಞ 1787ರಲ್ಲೇ ವರ್ಷಾಶನಗಳ ಲೆಕ್ಕ ಬರೆಯುವಾಗ ಬಂದ ಹಣದ ಮರುಹೂಡಿಕೆಯನ್ನು ಬೇರೆಯಾಗಿ ಎಣಿಸಿದ್ದ. 1877ರಲ್ಲಿ ಹೊಸ್ಕೋಲ್ಡ್ ಎಂಬ ಗಣಿ ಎಂಜಿನಿಯರ್ ಗಣಿಗಳ ಬೆಲೆ ಕಟ್ಟಲು ಎರಡು ದರಗಳ ಸೂತ್ರ ಕೊಟ್ಟ. ಗಣಿ ಎಂದಾದರೂ ಬರಿದಾಗಲೇಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ್ದನ್ನು ಕಂಡ ನಮಗೆ ಅದನ್ನು ಹೇಳಿಕೊಡಬೇಕಿಲ್ಲ. ಆದ್ದರಿಂದ ಗಣಿಯ ಅಪಾಯಕ್ಕೆ ತಕ್ಕ ಹೆಚ್ಚಿನ ದರ ಒಂದು, ಹಾಕಿದ ಬಂಡವಾಳ ಮರಳಿ ಸಿಗಲು ವರ್ಷ ವರ್ಷ ಎತ್ತಿಡುವ ಹಣ ಭದ್ರ ಜಾಗದಲ್ಲಿ ದುಡಿಯುವ ಕಡಿಮೆ ದರ ಇನ್ನೊಂದು ಎಂದು ಅವನು ಬೇರ್ಪಡಿಸಿದ. ಎಂಐಆರ್‌ಆರ್ ಎಂಬ ಹೆಸರಿನಲ್ಲಿ ಇದು ಲಿನ್ ಎಂಬವರ 1976ರ ಲೇಖನದಿಂದ ಪ್ರಚಾರಕ್ಕೆ ಬಂತು. ಈಗ ಎಕ್ಸೆಲ್ ಇರುವ ಪ್ರತಿ ಕಂಪ್ಯೂಟರಿನಲ್ಲೂ ಇದೆ.

ಎಂಐಆರ್‌ಆರ್‌ನಿಂದ ಇನ್ನೊಂದು ಉಪಕಾರವೂ ಉಂಟು. ಷಿಕಾಗೊದ ಲೋರಿ ಮತ್ತು ಸ್ಯಾವೇಜ್ 1955ರಲ್ಲಿ ಎಣ್ಣೆ ಬಾವಿಯ ಪಂಪಿನ ಒಂದು ಒಗಟನ್ನು ಮುಂದಿಟ್ಟರು. ದೊಡ್ಡ ಪಂಪು ಹಾಕಿದರೆ ಎಣ್ಣೆ ಹೆಚ್ಚಾಗುವುದಿಲ್ಲ, ಬೇಗ ಬರುತ್ತದೆ ಅಷ್ಟೇ. ಪಂಪಿಗೆ ಇಂದು 1,600 ಡಾಲರ್ ಖರ್ಚು, ಮೊದಲ ವರ್ಷ 10,000 ಹೆಚ್ಚಿಗೆ ಬರುತ್ತದೆ, ಎರಡನೆಯ ವರ್ಷ ಬರಬೇಕಿದ್ದ 10,000 ಇಲ್ಲವಾಗುತ್ತದೆ. ಇದರ ಐಆರ್‌ಆರ್ ಎಷ್ಟು? 25 ಪರ್ಸೆಂಟು ಹಾಕಿ ನೋಡಿ, ಸಮೀಕರಣ ಸರಿಹೋಗುತ್ತದೆ. 400 ಪರ್ಸೆಂಟು ಹಾಕಿ ನೋಡಿ, ಅದೂ ಸರಿಹೋಗುತ್ತದೆ. ಹಣದ ಚಿಹ್ನೆ ಎರಡು ಬಾರಿ ತಿರುಗಿದಾಗ, ಅಂದರೆ ಕೊಟ್ಟು, ಪಡೆದು, ಮತ್ತೆ ಕೊಡಬೇಕಾದಾಗ, ಉತ್ತರ ಎರಡಾಗಬಹುದು. ಕಲ್ಲುಗಣಿ ಮುಗಿದ ಮೇಲೆ ಗುಂಡಿ ಮುಚ್ಚುವ ಖರ್ಚಿರುವ ಯೋಜನೆಗಳೂ ಇದೇ ಜಾತಿಯವು. ಎಂಐಆರ್‌ಆರ್‌ನಲ್ಲಿ ಕೊಡುವುದನ್ನೆಲ್ಲ ಇಂದಿಗೆ, ಪಡೆಯುವುದನ್ನೆಲ್ಲ ಕೊನೆಯ ವರ್ಷಕ್ಕೆ ಒಯ್ದು ಎರಡು ರಾಶಿ ಮಾಡಿಬಿಡುವುದರಿಂದ ಉತ್ತರ ಒಂದೇ. ಎರಡೂ ದರ 10 ಎಂದಿಟ್ಟುಕೊಂಡರೆ ಈ ಪಂಪಿನ ಎಂಐಆರ್‌ಆರ್ 5.6. ಹತ್ತಕ್ಕಿಂತ ಕಡಿಮೆ, ಆದ್ದರಿಂದ ಪಂಪು ಬೇಡ.

ಇಷ್ಟು ಹೇಳಿದ ಮೇಲೆ ಎಂಐಆರ್‌ಆರ್ ಎಲ್ಲಿ ಮೋಸ ಮಾಡಬಲ್ಲದು ಎಂಬುದನ್ನೂ ಹೇಳಬೇಕು. ನಾನು ಸೋದರಳಿಯನಿಗೆ ಹೆಚ್ಚು ಹೊತ್ತು ಹೇಳಿದ್ದು ಇದನ್ನೇ.

ಮೊದಲನೆಯದು, ದರವನ್ನು ಬರೆಯುವವರು ನಾವು. ಎಕ್ಸೆಲ್ ಪ್ರಶ್ನೆ ಕೇಳುವುದಿಲ್ಲ, 7 ಬರೆದರೆ ಏಳು, 15 ಬರೆದರೆ ಹದಿನೈದು. ಯೋಜನೆ ಮಾರಲು ಬಂದವರಿಗೆ ಇದು ಸುಲಭದ ತಿರುಗುಮೊಳೆ. ಬರೆಯುವ ದರ ಆ ಹಣ ನಿಜವಾಗಿ ಹೋಗುವ ಜಾಗದ ದರವಾಗಿರಬೇಕು, ತೆರಿಗೆ ಕಳೆದು. 20 ಪರ್ಸೆಂಟು ತೆರಿಗೆ ಕಟ್ಟುವವರಿಗೆ 7ರ ಎಫ್‌ಡಿ ಕೈಗೆ ಕೊಡುವುದು 5.6 ಮಾತ್ರ. ಇನ್ನು, ಮನೆಯಲ್ಲಿ ಬೇರೆ ಸಾಲವಿದ್ದರೆ? ಮಾತಿನ ನಡುವೆ ಗೊತ್ತಾಯಿತು, ಅವನಿಗೆ 11ರ ದರದಲ್ಲಿ ಟ್ರ್ಯಾಕ್ಟರ್ ಸಾಲವಿತ್ತು. ಗಾಣದಿಂದ ಬಂದ ಹಣವನ್ನು ಆ ಸಾಲಕ್ಕೆ ಕಟ್ಟಿದರೆ ಉಳಿಯುವ ಬಡ್ಡಿ 11 ಪರ್ಸೆಂಟು, ಅದಕ್ಕೆ ತೆರಿಗೆಯೂ ಇಲ್ಲ. ಅವನ ಪಾಲಿಗೆ ಅದೇ ಮರುಹೂಡಿಕೆ, ಸಾಲ ತೀರುವವರೆಗೆ. ಎಫ್‌ಡಿಯ ದರಕ್ಕಿಂತ ಅದು ಹೆಚ್ಚು, ಯಾವ ಅಪಾಯವೂ ಇಲ್ಲ. ಆದರೆ ಹಣ ಮಗಳ ಶಾಲೆಯ ಫೀಸಿಗೋ ಮನೆಯ ಖರ್ಚಿಗೋ ಹೋಗುವುದಾದರೆ ಕೊನೆಯ ರಾಶಿಯೇ ಇರುವುದಿಲ್ಲ. ಖರ್ಚು ಮಾಡಿದ್ದು ತಪ್ಪಲ್ಲ, ಆದರೆ ಆಗ 23 ಲಕ್ಷವನ್ನು ನೆಚ್ಚಿಕೊಂಡು ಕೂರಬಾರದು.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಕಾಲ ಉದ್ದವಾದಷ್ಟೂ ಎಂಐಆರ್‌ಆರ್ ಮರುಹೂಡಿಕೆ ದರದ ಕಡೆಗೆ ಜಾರುತ್ತಾ ಹೋಗುತ್ತದೆ. ಗಾಣ ಐದು ವರ್ಷಕ್ಕೆ ನಿಂತಿತು, 23 ಲಕ್ಷವನ್ನು ಮತ್ತೂ ಐದು ವರ್ಷ 7ರಲ್ಲಿ ಬಿಟ್ಟೆವು ಎಂದುಕೊಳ್ಳಿ. ಹತ್ತು ವರ್ಷಕ್ಕೆ ಅದು 32.26 ಲಕ್ಷ. ಈಗ ಎಂಐಆರ್‌ಆರ್ ಎಣಿಸಿದರೆ 12.4. ಅದೇ ಗಾಣ, 18ರಿಂದ 12ಕ್ಕೆ ಬಂತು. ಗಾಣ ಕೆಟ್ಟಿಲ್ಲ, ಎಫ್‌ಡಿಯ ಪಾಲು ಹೆಚ್ಚಿತು ಅಷ್ಟೇ. ಆದ್ದರಿಂದ ಐದು ವರ್ಷದ ಗಾಣದ ಎಂಐಆರ್‌ಆರ್ ಅನ್ನು ಹದಿನೈದು ವರ್ಷದ ಅಡಿಕೆ ತೋಟದ ಎಂಐಆರ್‌ಆರ್ ಪಕ್ಕ ಇಟ್ಟು ಯಾವುದು ಮೇಲು ಎಂದು ಹೇಳಲಾಗದು. ಹೋಲಿಸಲೇಬೇಕೆಂದರೆ ಎರಡನ್ನೂ ಒಂದೇ ಅವಧಿಗೆ ಎಳೆದು, ಒಂದೇ ಮರುಹೂಡಿಕೆ ದರ ಹಾಕಿ ನೋಡಬೇಕು.

ಇದೇ ಗುಣ ತಿರುವುಮುರುವಾಗಿಯೂ ಕೆಲಸ ಮಾಡುತ್ತದೆ. ನಡುನಡುವೆ ಹಣ ಮರಳಿಸುವ ಮನಿ ಬ್ಯಾಕ್ ವಿಮೆಯೊಂದರ ಐಆರ್‌ಆರ್ 5 ಎಂದಿಟ್ಟುಕೊಳ್ಳಿ. ಮರಳಿದ ಹಣವನ್ನು ನೀವು 7ರ ಎಫ್‌ಡಿಗೆ ಹಾಕಿದರೆ ಎಂಐಆರ್‌ಆರ್ ಐದನ್ನು ದಾಟುತ್ತದೆ. ಮೇಲಿನ ಆ ಲಾಭ ಎಫ್‌ಡಿಯದು, ವಿಮೆಯದಲ್ಲ. ಇಂಥ ಕಡೆ ವಿಮೆಯ ಯೋಗ್ಯತೆ ತಿಳಿಯಬೇಕಾದರೆ ಐಆರ್‌ಆರ್ ಅನ್ನೇ ನೋಡಬೇಕು.

ಎಲ್ಲ ಕಡೆಯೂ ಈ ತಲೆನೋವು ಇಲ್ಲ ಎಂಬುದನ್ನೂ ಸೇರಿಸಬೇಕು. ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳು ತಿಂಗಳು ಸಿಪ್ ಕಟ್ಟಿ, ನಡುವೆ ಏನನ್ನೂ ತೆಗೆಯದೆ, ಕೊನೆಗೆ ಒಟ್ಟಿಗೆ ತೆಗೆದವರಿಗೆ ಆ್ಯಪಿನಲ್ಲಿ ಕಾಣುವ ಎಕ್ಸ್‌ಐಆರ್‌ಆರ್ ಸಾಕು. ನಡುವೆ ಹಣ ಹೊರಗೆ ಬಂದೇ ಇಲ್ಲ, ಬಂದರಲ್ಲವೇ ಅದು ಎಲ್ಲಿಗೆ ಹೋಯಿತೆಂದು ಕೇಳುವುದು? ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವ ಬಾಂಡ್ ಕೊಂಡವರಿಗೆ ಮಾತ್ರ ಆ ಪ್ರಶ್ನೆ ಇದ್ದೇ ಇದೆ.

ಮತ್ತೊಂದು ಮಾತು, ಮೊತ್ತದ ಬಗ್ಗೆ. 1 ಲಕ್ಷಕ್ಕೆ 20 ಪರ್ಸೆಂಟೋ, 10 ಲಕ್ಷಕ್ಕೆ 18 ಪರ್ಸೆಂಟೋ ಎಂಬ ಆಯ್ಕೆ ಬಂದಾಗ ದರಗಳು ದಾರಿ ತೋರುವುದಿಲ್ಲ, ಎಂಐಆರ್‌ಆರ್ ಕೂಡ. ಅಲ್ಲಿ ರೂಪಾಯಿಯಲ್ಲೇ ಮಾತಾಡಬೇಕು. ಗಾಣದ ಐದು ವರ್ಷದ ಹಣವನ್ನು 7ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 16.4 ಲಕ್ಷ. ಹಾಕಿದ 10 ಕಳೆದರೆ 6.4 ಲಕ್ಷ ನಿವ್ವಳ. ನಾನು ಬ್ಯಾಂಕಿನಲ್ಲಿದ್ದಾಗ ಕೊನೆಯ ತೀರ್ಮಾನಕ್ಕೆ ನೋಡುತ್ತಿದ್ದದ್ದು ಈ ಅಂಕಿಯನ್ನು. ಎಂಐಆರ್‌ಆರ್ ಇದಕ್ಕೆ ವಿರುದ್ಧ ಹೋಗದು: ಎರಡಕ್ಕೂ ಒಂದೇ ದರ ಬಳಸಿದರೆ, ನಿವ್ವಳ ಸೊನ್ನೆಗಿಂತ ಮೇಲಿದ್ದಾಗಲೆಲ್ಲ ಎಂಐಆರ್‌ಆರ್ ಆ ದರಕ್ಕಿಂತ ಮೇಲಿರುತ್ತದೆ.

ಸಂಜೆಯ ಹೊತ್ತಿಗೆ ಅವನು ಹಾಳೆಯ ಹಿಂಬದಿಯಲ್ಲಿ ತಾನೇ ಒಂದು ಲೆಕ್ಕ ಶುರುಮಾಡಿದ್ದ. ವರ್ಷಕ್ಕೆ 4 ಲಕ್ಷದ ಬದಲು 3 ಲಕ್ಷ ಬಂದರೆ? 7ರ ಎಫ್‌ಡಿಯಲ್ಲಿ ಕೊನೆಗೆ 17.25 ಲಕ್ಷ, ಎಂಐಆರ್‌ಆರ್ 11.5. "ಆಗಲೂ ಎಫ್‌ಡಿಗಿಂತ ಮೇಲೇ ಇದೆ ಮಾವ," ಅಂದ. ಇದೆ. ಆದರೆ ದಿನವೂ ಬೆಳಿಗ್ಗೆ ಆರಕ್ಕೆ ಗಾಣದ ಮುಂದೆ ನಿಲ್ಲುವ ಕಷ್ಟಕ್ಕೆ, ಕೊಬ್ಬರಿ ಬೆಲೆ ಏರಿಳಿಯುವ ಅಪಾಯಕ್ಕೆ ನಾಲ್ಕೂವರೆ ಪರ್ಸೆಂಟು ಸಾಕೇ ಎಂಬುದನ್ನು ಅವನೇ ನಿರ್ಧರಿಸಬೇಕು. 28 ಮತ್ತು 7ರ ನಡುವೆ ನಿಂತು ನಿರ್ಧರಿಸುವುದು ಬೇರೆ, ಹನ್ನೊಂದೂವರೆ ಮತ್ತು 7ರ ನಡುವೆ ನಿಂತು ನಿರ್ಧರಿಸುವುದು ಬೇರೆ.

ಯುಗಾದಿಯ ಮಾರನೆಯ ವಾರ ಗಾಣ ಶುರುವಾಯಿತು. ವರದಿಯನ್ನು ಅವನು ಆಡಿಟರ್ ಹತ್ತಿರ ಮತ್ತೆ ಬರೆಸಿದ್ದ, ಕೊನೆಯ ಪುಟದಲ್ಲಿ ಐಆರ್‌ಆರ್ ಕೆಳಗೆ ಎರಡು ಹೊಸ ಸಾಲು ಸೇರಿದ್ದವು: ಮರುಹೂಡಿಕೆ ದರ 7%, ಎಂಐಆರ್‌ಆರ್ 18.13%. ನಿಮ್ಮ ಕೈಗೆ ಇಂಥ ವರದಿ ಬಂದಾಗ ಆ ಎರಡು ಸಾಲು ಇಲ್ಲದಿದ್ದರೆ ಬರೆಸಿಕೊಳ್ಳಿ. ಇದ್ದರೆ, ಆ ದರವನ್ನು ಕೊಡುವ ಜಾಗ ಯಾವುದೆಂದು ಕೇಳಿ.